‘ಹಾರ್ದಿಕ ಅಭಿನಂದನೆಗಳು’ ಎಂಬಲ್ಲಿಗೇ ನಿಲ್ಲದ ಅಭಿನಂದನೆ: ಒಂದು ಸಾಲು ಬರೆಯುವ ಬಗೆ

ಅಕ್ಕನ ಮಗ ವೃತ್ತಿಪರ ಪರೀಕ್ಷೆಯೊಂದನ್ನು ಮೂರನೆಯ ಸಲ ಬರೆದು ಪಾಸಾದ ದಿನ ನಾನು ಅವನಿಗೆ ಕಳುಹಿಸಿದ ಸಂದೇಶ ಹೀಗಿತ್ತು: “ಕೊನೆಗೂ ಪಾಸಾದೆಯಲ್ಲ! ಹಾರ್ದಿಕ ಅಭಿನಂದನೆಗಳು. ಭವಿಷ್ಯ ಉಜ್ವಲವಾಗಲಿ.” ಉತ್ತರವಾಗಿ ಬಂದದ್ದು ಎತ್ತಿದ ಹೆಬ್ಬೆರಳಿನ ಒಂದು ಚಿತ್ರ. ವಾರ ಕಳೆದ ಮೇಲೆ ಅಕ್ಕ ಫೋನಿನಲ್ಲಿ ನಗುತ್ತಲೇ ಹೇಳಿದಳು: “ನಾನು ಎಷ್ಟು ಸಲ ಫೇಲಾದೆ ಎಂಬುದನ್ನು ಮಾವ ಸರಿಯಾಗಿ ಲೆಕ್ಕ ಇಟ್ಟಿದ್ದಾರೆ ಎಂದ.”

ಆ ಸಂದೇಶದಲ್ಲಿ ಅವನಿಗೇ ಸೇರಿದ್ದು ಎನ್ನಬಹುದಾದ ಪದ ಒಂದೇ ಒಂದು, ‘ಕೊನೆಗೂ’. ಅದೇ ಚುಚ್ಚಿತು. ಉಳಿದದ್ದನ್ನು ಯಾರು ಯಾರಿಗೆ ಬೇಕಾದರೂ ಕಳುಹಿಸಬಹುದಿತ್ತು. ಆಮೇಲಿನ ವರ್ಷಗಳಲ್ಲಿ ನಾನು ಇಂಥ ಸಂದೇಶಗಳನ್ನು ಸ್ವಲ್ಪ ಜಾಗರೂಕತೆಯಿಂದ ಬರೆಯಲು ಕಲಿತೆ. ಕಲಿತ ಕ್ರಮವನ್ನು ಇಲ್ಲಿ ಬಿಡಿಸಿಡುತ್ತಿದ್ದೇನೆ. ಒಟ್ಟು ಕೆಲಸ ಹತ್ತು ನಿಮಿಷದ್ದು. ಅದರಲ್ಲಿ ಏಳು ನಿಮಿಷ ಬರೆಯುವುದಕ್ಕಲ್ಲ, ನೆನಪಿಸಿಕೊಳ್ಳುವುದಕ್ಕೆ.

1. ಸುದ್ದಿ ಏನೆಂದು ಮೊದಲು ಸರಿಯಾಗಿ ತಿಳಿದುಕೊಳ್ಳಿ

ಇದನ್ನು ಬೇಗ ಮುಗಿಸಬಹುದು, ಆದರೆ ಬಿಟ್ಟುಬಿಡುವಂತಿಲ್ಲ. ಹಲವು ಹಂತಗಳ ಪರೀಕ್ಷೆಯಲ್ಲಿ ಮೊದಲ ಹಂತವನ್ನಷ್ಟೇ ದಾಟಿದವರಿಗೆ “ಗುರಿ ಮುಟ್ಟಿದಿರಿ” ಎಂದು ಬರೆದರೆ, ಅವರು ನಿಮಗೆ ಕೃತಜ್ಞತೆ ಹೇಳುವುದಕ್ಕಿಂತ ಮೊದಲು ನಿಮ್ಮನ್ನು ತಿದ್ದಬೇಕಾಗುತ್ತದೆ. ಬಡ್ತಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಆದೇಶ ಕೈಸೇರುವ ಮೊದಲೇ ಸುದ್ದಿ ಹಬ್ಬಿರುತ್ತದೆ. ಅವರ ಬಾಯಿಂದ ಕೇಳಿಲ್ಲದಿದ್ದರೆ, ಪ್ರಕಟಣೆಯನ್ನೂ ಕಣ್ಣಾರೆ ನೋಡಿಲ್ಲದಿದ್ದರೆ, ಗುಂಪಿನಲ್ಲಿ ಬರೆಯಬೇಡಿ. ಬಡ್ತಿಯ ಜೊತೆಗೆ ವರ್ಗಾವಣೆ ಬಂದಿದೆಯೇ, ಅದು ಅವರಿಗೆ ಬೇಕಾಗಿತ್ತೇ ಎಂಬುದನ್ನೂ ವಿಚಾರಿಸಿಕೊಳ್ಳಿ. ಮನೆಯವರನ್ನು ಬಿಟ್ಟು ದೂರ ಹೋಗಬೇಕಾದವರಿಗೆ “ಎಂಥ ಸಿಹಿಸುದ್ದಿ!” ಎಂಬುದು ಅರ್ಧ ಮಾತ್ರ ನಿಜ.

ಪದದ ಆಯ್ಕೆಯ ಬಗ್ಗೆಯೂ ಒಂದು ಮಾತು. ‘ಅಭಿನಂದನೆ’ ಆಗಿಹೋದ ಸಾಧನೆಗೆ, ‘ಶುಭಾಶಯ’ ಮತ್ತು ‘ಶುಭ ಹಾರೈಕೆ’ ಮುಂದೆ ಆಗಬೇಕಾದದ್ದಕ್ಕೆ. ಪರೀಕ್ಷೆಗೆ ಹೊರಟವರಿಗೆ ಶುಭಾಶಯ, ಫಲಿತಾಂಶ ಬಂದವರಿಗೆ ಅಭಿನಂದನೆ. ಬಡ್ತಿಯಲ್ಲಿ ಎರಡೂ ಸಲ್ಲುತ್ತವೆ. ಬಡ್ತಿಗೆ ಅಭಿನಂದನೆ, ಹೊಸ ಹೊಣೆಗೆ ಹಾರೈಕೆ. ಫಲಿತಾಂಶದ ದಿನ “ಶುಭಾಶಯಗಳು” ಎಂದು ಬರೆದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಆದರೂ ಸರಿಯಾದ ಪದ ಕೈಗೆಟಕುವಾಗ ತಪ್ಪು ಪದವನ್ನು ಏಕೆ ಬಳಸಬೇಕು?

2. ನೀವೇ ಕಂಡ ಒಂದು ಗಳಿಗೆಯನ್ನು ಹುಡುಕಿ

ಎಲ್ಲವೂ ನಿಂತಿರುವುದು ಈ ಹಂತದ ಮೇಲೆ. ಸಂದೇಶ ಬರೆಯಲು ಕುಳಿತವರು ಮೊದಲು ಗುಣವಾಚಕಗಳನ್ನು ಹುಡುಕುತ್ತಾರೆ: ಪರಿಶ್ರಮಿ, ಪ್ರತಿಭಾವಂತ, ಛಲಗಾರ. ಗುಣವಾಚಕಗಳು ಎಲ್ಲರಿಗೂ ಹೊಂದುತ್ತವೆ, ತೊಂದರೆ ಇರುವುದೇ ಅಲ್ಲಿ. ನಿಮಗೆ ಬೇಕಾದದ್ದು ಒಂದು ದೃಶ್ಯ. ಅದಕ್ಕಾಗಿ ನಾನು ನನ್ನನ್ನೇ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ.

ಈ ವ್ಯಕ್ತಿ ಆ ಕೆಲಸದಲ್ಲಿ ತೊಡಗಿದ್ದುದನ್ನು ನಾನು ಕಣ್ಣಾರೆ ಕಂಡದ್ದು ಯಾವಾಗ? ಬಸ್ಸಿನಲ್ಲಿ ನಿಂತುಕೊಂಡೇ ಟಿಪ್ಪಣಿ ಓದುತ್ತಿದ್ದದ್ದು, ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕುಳಿತು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದದ್ದು, ಇಂಥದ್ದು. ಎರಡನೆಯದು, ಈ ದಾರಿಯ ಬಗ್ಗೆ ಅವರೇ ನನ್ನೊಡನೆ ಹೇಳಿಕೊಂಡ ಮಾತು ಯಾವುದು? “ಸಂಖ್ಯಾಶಾಸ್ತ್ರ ಒಂದು ದಾಟಿದರೆ ಸಾಕು” ಎಂದು ಎಂದೋ ಅಂದಿರುತ್ತಾರೆ. ಅದನ್ನು ನೀವು ನೆನಪಿಟ್ಟುಕೊಂಡಿದ್ದೀರಿ ಎಂಬುದೇ ದೊಡ್ಡದು. ಮೂರನೆಯದು, ಅವರು ಮಾಡಿದ ಯಾವ ಕೆಲಸ ನನ್ನ ಕೆಲಸವನ್ನು ಹಗುರ ಮಾಡಿತು? ಬಡ್ತಿಯ ಸಂದರ್ಭಕ್ಕೆ ಇದು ಹೆಚ್ಚು ಫಲ ಕೊಡುತ್ತದೆ.

ಮೂರಕ್ಕೂ ಉತ್ತರ ಬೇಕಿಲ್ಲ, ಒಂದು ಸಿಕ್ಕರೆ ಸಾಕು. ಸಿಕ್ಕ ನೆನಪು ಎಷ್ಟು ಚಿಕ್ಕದಾಗಿದ್ದರೆ ಅಷ್ಟು ಒಳ್ಳೆಯದು ಎಂಬುದು ನನ್ನ ಅನುಭವ. “ಐದು ವರ್ಷ ದುಡಿದಿರಿ” ಎಂಬುದಕ್ಕಿಂತ “ಆ ನೀಲಿ ಕಡತವನ್ನು ಮೂರು ಸಲ ಮೊದಲಿನಿಂದ ತಯಾರಿಸಿದಿರಿ” ಎಂಬುದು ಗಟ್ಟಿ.

ನೆನಪು ಅವರು ಮಾಡಿದ್ದರ ಬಗ್ಗೆ ಇರಲಿ, ಅವರು ಹುಟ್ಟಿಬಂದದ್ದರ ಬಗ್ಗೆ ಬೇಡ. “ನೀನು ಬುದ್ಧಿವಂತ” ಎಂದು ಹೊಗಳುವುದಕ್ಕೂ “ನೀನು ಚೆನ್ನಾಗಿ ಶ್ರಮಪಟ್ಟೆ” ಎಂದು ಹೊಗಳುವುದಕ್ಕೂ ಇರುವ ವ್ಯತ್ಯಾಸವನ್ನು ಮನಶ್ಶಾಸ್ತ್ರಜ್ಞೆಯರಾದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳ ಮೇಲೆ ಪರೀಕ್ಷಿಸಿದರು. ಬುದ್ಧಿಗೆ ಹೊಗಳಿಸಿಕೊಂಡ ಮಕ್ಕಳು ನಂತರ ಕಠಿಣ ಒಗಟುಗಳಲ್ಲಿ ಸೋತಾಗ, ಮುಂದುವರಿಸುವ ಆಸೆಯನ್ನು ಕಡಿಮೆ ತೋರಿಸಿದರು. ಶ್ರಮಕ್ಕೆ ಹೊಗಳಿಸಿಕೊಂಡವರಲ್ಲಿ ಆ ಆಸೆ ಹೆಚ್ಚಿತ್ತು. ದೊಡ್ಡವರಿಗೆ ಬರೆಯುವ ಒಂದು ಸಾಲಿಗೆ ಆ ಅಧ್ಯಯನವನ್ನು ನೇರವಾಗಿ ಅನ್ವಯಿಸಲು ಹೋಗಬೇಡಿ. ಅದರಿಂದ ನಾನು ತೆಗೆದುಕೊಂಡದ್ದು ಇಷ್ಟೇ: ಮುಂದಿನ ಪರೀಕ್ಷೆಗೆ ಕೂರಬೇಕಾದ ವಿದ್ಯಾರ್ಥಿಗೆ “ನಿನ್ನ ತಲೆಯೇ ಬೇರೆ” ಎಂದು ಬರೆದರೆ ಅದು ಹೊರೆಯೂ ಆಗಬಹುದು.

ನೆನಪೇ ಬಾರದಿದ್ದರೆ? ಎಲ್ಲರ ಬಗ್ಗೆಯೂ ನಮ್ಮಲ್ಲಿ ದೃಶ್ಯವಿರುವುದಿಲ್ಲ. ಆಗ ಕಟ್ಟಿ ಹೇಳಬೇಡಿ. “ನಿಮ್ಮ ಶ್ರಮವನ್ನು ಹತ್ತಿರದಿಂದ ಕಂಡಿದ್ದೇನೆ” ಎಂದು ಕಾಣದವರು ಬರೆದರೆ ಅದು ಓದಿದವರಿಗೆ ಗೊತ್ತಾಗುತ್ತದೆ. ಅದರ ಬದಲು ಅವರಷ್ಟೇ ಉತ್ತರಿಸಬಲ್ಲ ಪ್ರಶ್ನೆಯೊಂದನ್ನು ಇಡಿ: “ಅಭಿನಂದನೆಗಳು. ಕೆಲಸದ ನಡುವೆ ಓದಲು ಹೊತ್ತು ಹೇಗೆ ಹೊಂದಿಸಿಕೊಂಡಿರಿ ಎಂದು ಒಮ್ಮೆ ಕೇಳಬೇಕು ಎನಿಸಿದೆ.” ಇದು ಪ್ರಾಮಾಣಿಕ. ಉತ್ತರ ಬಂದ ಮೇಲೆ ದೃಶ್ಯವೂ ನಿಮ್ಮ ಕೈಗೆ ಬಂದಿರುತ್ತದೆ.

3. ನೆನಪನ್ನು ಸಾಲಿಗೆ ಇಳಿಸಿ: ಒಂದು ಉದಾಹರಣೆ

ಪಕ್ಕದ ಮೇಜಿನ ಸಹೋದ್ಯೋಗಿಯೊಬ್ಬರಿಗೆ ವಿಭಾಗದ ಮುಖ್ಯಸ್ಥೆಯಾಗಿ ಬಡ್ತಿ ಬಂದಾಗ ನಾನು ಬರೆದ ಕರಡುಗಳು ಇನ್ನೂ ನನ್ನ ಮೊಬೈಲ್‌ನಲ್ಲಿವೆ. ಮೊದಲನೆಯದು ಬೆರಳು ತಾನಾಗಿಯೇ ಬರೆದದ್ದು:

“ಹಾರ್ದಿಕ ಅಭಿನಂದನೆಗಳು ಮೇಡಂ. ನಿಮ್ಮ ಪರಿಶ್ರಮಕ್ಕೆ ತಕ್ಕ ಪ್ರತಿಫಲ ಸಿಕ್ಕಿದೆ. ಇನ್ನೂ ಎತ್ತರಕ್ಕೆ ಬೆಳೆಯಿರಿ.”

ಇದನ್ನು ಹೆಸರು ಬದಲಿಸಿ ನೋಡಿದೆ. ಸಿದ್ಧ ಮಾತನ್ನು ಗುರುತಿಸಲು ನನಗೆ ಗೊತ್ತಿರುವ ಪರೀಕ್ಷೆ ಇದೊಂದೇ: ಅದೇ ದಿನ ಬಡ್ತಿ ಪಡೆದ ಇನ್ನೊಬ್ಬರಿಗೆ ಒಂದಕ್ಷರವನ್ನೂ ತಿದ್ದದೆ ಕಳುಹಿಸಬಹುದೇ? ಕಳುಹಿಸಬಹುದಿತ್ತು. ಬಿಟ್ಟೆ. ಎರಡನೆಯದು:

“ನಿಮ್ಮ ತಾಳ್ಮೆ ಮತ್ತು ಎಲ್ಲರನ್ನೂ ಜೊತೆಗೆ ಕರೆದುಕೊಂಡು ಹೋಗುವ ಗುಣಕ್ಕೆ ಈ ಬಡ್ತಿ ಸಂದಿದೆ.”

ಇದು ಅವರಿಗೆ ಸ್ವಲ್ಪ ಹತ್ತಿರ ಬಂತು. ಆದರೆ ತಾಳ್ಮೆ ಎಂದು ನಾನು ಹೇಳಿದರೆ ಸಾಕೇ, ಆ ತಾಳ್ಮೆಯನ್ನು ಎಲ್ಲಿ ಕಂಡೆ? ಹಾಗೆ ಕೇಳಿಕೊಂಡಾಗ ಒಂದು ಸಂಜೆ ನೆನಪಾಯಿತು. ವರ್ಷಾಂತ್ಯದ ಲೆಕ್ಕ ಮುಗಿಸುವ ದಿನ. ಹೊಸದಾಗಿ ಸೇರಿದ್ದ ಹುಡುಗನೊಬ್ಬ ಹಲವು ರಸೀದಿಗಳನ್ನು ತಪ್ಪು ಶೀರ್ಷಿಕೆಯಡಿ ನಮೂದಿಸಿಬಿಟ್ಟಿದ್ದ. ಮೊತ್ತ ತಾಳೆಯಾಗುತ್ತಿರಲಿಲ್ಲ. ಎಲ್ಲರೂ “ಯಾರು ಮಾಡಿದ್ದು?” ಎಂದು ತಡಕಾಡುತ್ತಿದ್ದಾಗ ಇವರು ಒಂದು ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲಿ ಕುಳಿತರು. “ಬಾ, ಮೊದಲಿನಿಂದ ನೋಡೋಣ” ಎಂದರು, ಅಷ್ಟೇ. ರಾತ್ರಿ ಒಂಬತ್ತಕ್ಕೆ ಇಬ್ಬರೂ ಎದ್ದರು. ಮೂರನೆಯ ಕರಡಿನಲ್ಲಿ ಇದೆಲ್ಲವನ್ನೂ ತುರುಕಿದೆ. ಹುಡುಗನ ಹೆಸರು, ರಸೀದಿಗಳ ಸಂಖ್ಯೆ, ಗಂಟೆ ಎಲ್ಲವೂ ಸೇರಿ ಎಂಟು ಸಾಲು. ಓದಿ ನೋಡಿದರೆ ಎರಡು ತಪ್ಪು ಕಂಡವು. ಅಭಿನಂದನೆ ಅವರದ್ದಾಗಿದ್ದರೂ ಕಥೆ ಹುಡುಗನ ತಪ್ಪಿನದಾಗಿತ್ತು, ಅವರು ಮುಚ್ಚಿಟ್ಟದ್ದನ್ನು ನಾನು ಬಿಚ್ಚಿಟ್ಟಿದ್ದೆ. ಅಲ್ಲದೆ ಅಲ್ಲಿ ಅವರೂ ಇದ್ದರಲ್ಲ, ಅವರ ಸಂಜೆಯನ್ನು ಅವರಿಗೇ ಇಡಿಯಾಗಿ ವರದಿ ಮಾಡುವ ಅಗತ್ಯವೇನಿತ್ತು? ನಡೆದದ್ದನ್ನು ಬಲ್ಲವರಿಗೆ ಒಂದು ಸುಳುಹು ಸಾಕು. ಕೊನೆಗೆ ಕಳುಹಿಸಿದ್ದು:

“ಬಡ್ತಿಯ ಆದೇಶ ಓದಿದ ಕೂಡಲೇ ನೆನಪಾದದ್ದು ವರ್ಷಾಂತ್ಯದ ಆ ಸಂಜೆ. ತಪ್ಪು ಯಾರದೆಂದು ಕೇಳದೆ ನೀವು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತಿರಿ. ಈ ವಿಭಾಗಕ್ಕೆ ನೀವೇ ಬಂದದ್ದು ನನಗೆ ನೆಮ್ಮದಿ. ಅಭಿನಂದನೆಗಳು.”

ಇಲ್ಲಿ ಮೂರು ತುಂಡುಗಳಿವೆ: ಕಂಡದ್ದು, ಅದಕ್ಕೂ ಇಂದಿನ ಸುದ್ದಿಗೂ ಇರುವ ನಂಟು, ಅಭಿನಂದನೆ. ನಂಟು ಇಲ್ಲದಿದ್ದರೆ ಅದು ಬರೀ ಹಳೆಯ ನೆನಪಾಗುತ್ತದೆ. ‘ಅಭಿನಂದನೆಗಳು’ ಎಂಬ ಪದವನ್ನು ಕೊನೆಗೆ ಇಟ್ಟದ್ದೂ ಬೇಕೆಂದೇ. ಮೊಬೈಲ್‌ನ ಪರದೆಯ ಮೇಲೆ ಸಂದೇಶದ ಮೊದಲ ಕೆಲವು ಪದಗಳಷ್ಟೇ ಕಾಣಿಸುತ್ತವೆ. ಆ ದಿನ ಬಂದ ಸಂದೇಶಗಳೆಲ್ಲ ‘ಹಾರ್ದಿಕ’ದಿಂದಲೇ ಶುರುವಾಗಿರುವಾಗ ‘ವರ್ಷಾಂತ್ಯದ ಆ ಸಂಜೆ’ ಎಂಬುದನ್ನು ಅವರು ತೆರೆದು ಓದುತ್ತಾರೆ.

4. ಕಳುಹಿಸುವ ಮೊದಲು ಕಳೆ ಕೀಳಿ

ಕನ್ನಡದಲ್ಲಿ ಒಂದೇ ಅಕ್ಷರ ಇಡೀ ಸಂದೇಶವನ್ನು ಕೆಡಿಸಬಲ್ಲದು. “ನೀನು ಪಾಸಾದೆ” ಎಂಬುದನ್ನು “ನೀನೂ ಪಾಸಾದೆ” ಎಂದು ಬರೆದು ನೋಡಿ. ಒಂದು ದೀರ್ಘದಲ್ಲಿ “ನಿನ್ನಂಥವನೂ” ಎಂಬ ಧ್ವನಿ ನುಸುಳಿಬಿಡುತ್ತದೆ. ‘ಕೊನೆಗೂ’, ‘ಅಂತೂ’, ‘ಅಂತೂ ಇಂತೂ’ ಇದೇ ಜಾತಿಯವು. ಬರೆಯುವವರ ಮನಸ್ಸಿನಲ್ಲಿ ಅದು ನಿಟ್ಟುಸಿರು, ಓದುವವರಿಗೆ ಮಾತ್ರ ಹಳೆಯ ಸೋಲುಗಳ ಪಟ್ಟಿ. ಹಲವು ಸಲ ಪ್ರಯತ್ನಿಸಿ ಗೆದ್ದವರಿಗೆ ಆ ಪ್ರಯತ್ನಗಳ ಬಗ್ಗೆ ಬರೆಯಲೇಬೇಕೆಂದಿದ್ದರೆ ಸೋಲನ್ನು ಎಣಿಸದೆ ಮರಳಿ ಕೂತದ್ದನ್ನು ಹೇಳಿ: “ಮತ್ತೆ ಅದೇ ಪುಸ್ತಕ ತೆರೆದ ದಿನ ನಿನ್ನನ್ನು ನೋಡಿದ್ದೆ.” ಅಕ್ಕನ ಮಗನಿಗೆ ನಾನು ಬರೆಯಬೇಕಾಗಿದ್ದದ್ದು ಇದನ್ನೇ.

ಕ್ರಿಯಾಪದವನ್ನೂ ನೋಡಿ. “ನಿಮಗೆ ಬಡ್ತಿ ಸಿಕ್ಕಿತು” ಎಂದರೆ ದಾರಿಯಲ್ಲಿ ಬಿದ್ದದ್ದು ಸಿಕ್ಕಿದ ಹಾಗೆ. “ಬಡ್ತಿ ಪಡೆದಿರಿ” ಎಂದರೆ ಕೆಲಸ ಅವರದ್ದಾಗುತ್ತದೆ. ಮಾತಿನಲ್ಲಿ ‘ಸಿಕ್ಕಿತು’ ಸಹಜವೇ, ಅದನ್ನು ತಪ್ಪೆನ್ನಲಾರೆ. ಆದರೆ ‘ಅದೃಷ್ಟ’, ‘ಯೋಗ’ ಎಂಬ ಪದಗಳು ಅದರ ಪಕ್ಕಕ್ಕೆ ಬಂದು ಕುಳಿತರೆ ಅವರ ಪಾಲಿಗೆ ಏನೂ ಉಳಿಯುವುದಿಲ್ಲ. “ಬಡ್ತಿ ಬಂದಿತಂತೆ” ಎಂಬ ‘ಅಂತೆ’ ಕೂಡ ತಣ್ಣಗಿನ ಮಾತು. ಕೇಳಿದ್ದನ್ನು ದಾಟಿಸುತ್ತಿದ್ದೇನೆ, ನಂಬಿಕೆ ಇನ್ನೂ ಪೂರ್ತಿ ಇಲ್ಲ ಎನ್ನುವಂತೆ ಕೇಳಿಸುತ್ತದೆ.

“ನನಗೆ ಮೊದಲೇ ಗೊತ್ತಿತ್ತು” ಎಂಬುದು ಒಳ್ಳೆಯ ಮನಸ್ಸಿನಿಂದ ಬರುವ, ಅಷ್ಟೇನೂ ಒಳ್ಳೆಯದಲ್ಲದ ಮಾತು. ಅವರಿಗೆ ಗೊತ್ತಿರಲಿಲ್ಲ. ಫಲಿತಾಂಶದ ಹಿಂದಿನ ರಾತ್ರಿ ಅವರು ನಿದ್ದೆ ಮಾಡಿರಲಿಕ್ಕಿಲ್ಲ. ಆ ರಾತ್ರಿಯನ್ನು ನಿಮ್ಮ ಮಾತು ಅಳಿಸಿಹಾಕುತ್ತದೆ. ಹಾಗೆಯೇ ಬೇರೆಯವರ ಅಂಕದೊಂದಿಗೆ ಹೋಲಿಕೆ, “ಮುಂದೇನು?” ಎಂಬ ಪ್ರಶ್ನೆ, ನಿಮ್ಮದೇ ಪರೀಕ್ಷೆಯ ಹಳೆಯ ಕಥೆ ಇವು ಯಾವುವೂ ಇವತ್ತಿಗೆ ಬೇಡ.

5. ನೀನು, ನೀವು, ಗುಂಪು, ಏಕಾಂತ

ಸಂಬೋಧನೆಯನ್ನು ಬದಲಿಸಬೇಡಿ. ವರ್ಷಗಳಿಂದ ‘ನೀನು’ ಎನ್ನುತ್ತಿದ್ದ ಗೆಳೆಯ ಮೇಲಧಿಕಾರಿಯಾದ ದಿನ ಖಾಸಗಿ ಸಂದೇಶದಲ್ಲಿ ಇದ್ದಕ್ಕಿದ್ದಂತೆ ‘ತಾವು’ ಎಂದರೆ ಅದು ವ್ಯಂಗ್ಯದಂತೆ ಕಾಣುತ್ತದೆ. ಕಚೇರಿಯ ಗುಂಪಿನಲ್ಲಿ ಮಾತ್ರ ‘ನೀವು’ ಎನ್ನುವುದು ಲೇಸು. ಅಲ್ಲಿ ಅವನ ಹೊಸ ಸ್ಥಾನವನ್ನು ಬೇರೆಯವರೂ ನೋಡುತ್ತಿರುತ್ತಾರೆ.

ಗುಂಪಿನಲ್ಲಿ ಚುಟುಕಾಗಿ ಅಭಿನಂದಿಸಿ, ವೈಯಕ್ತಿಕ ಸಾಲನ್ನು ಬೇರೆಯಾಗಿ ಕಳುಹಿಸಿ. ಅವರು ಅನುಭವಿಸಿದ ಕಷ್ಟ, ಕಾಯಿಲೆ, ಮನೆಯ ತಾಪತ್ರಯ, ಹಿಂದಿನ ಸೋಲು ಇವೆಲ್ಲ ಅವರು ನಿಮಗೆ ನಂಬಿ ಹೇಳಿದ ವಿಷಯಗಳು. ಮೆಚ್ಚುಗೆಯ ನೆಪದಲ್ಲಿ ಅವುಗಳನ್ನು ನಲವತ್ತು ಜನರ ಮುಂದೆ ಹರಡುವಂತಿಲ್ಲ. ಅನುಮಾನವಿದ್ದರೆ, ಈ ಸಾಲನ್ನು ಅವರ ಪಕ್ಕದಲ್ಲಿ ಕುಳಿತ ಅಪರಿಚಿತರು ಓದಿದರೆ ಅವರಿಗೆ ಮುಜುಗರವಾಗುತ್ತದೆಯೇ ಎಂದು ಯೋಚಿಸಿ.

ಮೇಲಧಿಕಾರಿಗೆ ಬರೆಯುವಾಗ ಇನ್ನೊಂದು ಇಕ್ಕಟ್ಟು. “ನೀವು ಸಮರ್ಥರು” ಎಂದು ಕೆಳಗಿನವರು ಮೇಲಿನವರಿಗೆ ಬರೆದರೆ ಅದು ಪ್ರಮಾಣಪತ್ರ ಕೊಟ್ಟಂತಾಗುತ್ತದೆ, ಇಲ್ಲವೇ ಬೆಣ್ಣೆ ಹಚ್ಚಿದಂತೆ. ತೀರ್ಪು ಕೊಡದೆ, ಅವರಿಂದ ನಿಮಗೆ ಆದದ್ದನ್ನು ಹೇಳಿ: “ನನ್ನ ಮೊದಲ ವರದಿಯನ್ನು ನೀವು ಪೆನ್ಸಿಲಿನಲ್ಲಿ ತಿದ್ದಿಕೊಟ್ಟ ಹಾಳೆಗಳು ಇನ್ನೂ ನನ್ನಲ್ಲಿವೆ. ಬಡ್ತಿಗೆ ಅಭಿನಂದನೆಗಳು, ಸರ್.” ಇದರಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ.

6. ನೇರವಾಗಿ ಬಾರದ ಸಂದರ್ಭಗಳು

ಪಾಸಾಗಿದ್ದಾರೆ, ಆದರೆ ನಿರೀಕ್ಷಿಸಿದಷ್ಟು ಅಂಕ ಬಂದಿಲ್ಲ. ಆಗ ಸಂಭ್ರಮದ ಸಂದೇಶ ಅವರಿಗೆ ನಿಮ್ಮ ಅಜ್ಞಾನದಂತೆ ಕಾಣುತ್ತದೆ, ಸಮಾಧಾನದ ಸಂದೇಶ ಸೋಲಿನ ಘೋಷಣೆಯಂತೆ. ಅಂಕದ ಮಾತನ್ನೇ ಎತ್ತದೆ ನೀವು ಕಂಡ ಕೆಲಸವನ್ನು ಹೇಳಿ, ಮಾತಿಗೆ ಬಾಗಿಲು ತೆರೆದಿಡಿ: “ರಸಾಯನಶಾಸ್ತ್ರವನ್ನು ನೀನು ಒಬ್ಬಳೇ ಕುಳಿತು ಮೊದಲಿನಿಂದ ಕಲಿತದ್ದು ನನಗೆ ಗೊತ್ತು. ಫಲಿತಾಂಶದ ಬಗ್ಗೆ ನಿನಗೆ ಹೇಗನಿಸುತ್ತಿದೆ? ಸಂಜೆ ಫೋನ್ ಮಾಡಲೇ?” ಅವಳು ಖುಷಿಯಾಗಿದ್ದರೆ ಖುಷಿಯನ್ನೇ ಹೇಳುತ್ತಾಳೆ. ಇಲ್ಲದಿದ್ದರೆ ಅದನ್ನು ಹೇಳುವುದಕ್ಕೂ ಜಾಗವಿದೆ.

ಅದೇ ಹುದ್ದೆಗೆ ನೀವೂ ಅರ್ಜಿ ಹಾಕಿದ್ದಿರಿ, ಅಥವಾ ಅದೇ ಪರೀಕ್ಷೆಯಲ್ಲಿ ಅವರು ಗೆದ್ದು ನೀವು ಸೋತಿರಿ. ಕಷ್ಟ ನಿಜ, ಎದುರಿಗಿರುವವರಿಗೂ ಅದು ಗೊತ್ತು. ಇಂಥಲ್ಲಿ ಅತಿ ಉತ್ಸಾಹ ಸುಳ್ಳೆನಿಸುತ್ತದೆ, ಮೌನ ಮುನಿಸೆನಿಸುತ್ತದೆ. ಚಿಕ್ಕದಾದ, ನಿಖರವಾದ ಒಂದು ಸಾಲು ಇಲ್ಲಿ ಸುಲಭದ ದಾರಿ: “ಸಂದರ್ಶನಕ್ಕೆ ನೀವು ಸಿದ್ಧಪಡಿಸಿದ್ದ ಆ ನಕ್ಷೆಯನ್ನು ನೋಡಿದಾಗಲೇ ಇದು ಬೇರೆ ಮಟ್ಟದ ತಯಾರಿ ಎನಿಸಿತ್ತು. ಅಭಿನಂದನೆಗಳು.” ನಿಮ್ಮ ನಿರಾಸೆಯನ್ನು ಅದರಲ್ಲಿ ಸೇರಿಸಬೇಡಿ. ಹಾಗೆ ಮಾಡಿದರೆ ಗೆದ್ದವರೇ ನಿಮ್ಮನ್ನು ಸಮಾಧಾನಪಡಿಸಬೇಕಾಗುತ್ತದೆ. ಒಂದು ದಿನ ತಡವಾದರೂ ಅಡ್ಡಿಯಿಲ್ಲ.

ತಡವಾಗುವ ವಿಷಯಕ್ಕೆ ಬಂದರೆ, ವಾರ ಕಳೆದ ಮೇಲೆ ಬಂದ ಸಂದೇಶಕ್ಕೆ ಒಂದು ಅನುಕೂಲವೇ ಇದೆ. ಮೊದಲ ದಿನದ ಗದ್ದಲ ಆಗ ಇರುವುದಿಲ್ಲ. ತಡವಾದುದಕ್ಕೆ ಅರ್ಧ ವಾಕ್ಯದ ಕ್ಷಮೆ ಸಾಕು. ಸಂದೇಶದ ಮುಕ್ಕಾಲು ಪಾಲು ನಿಮ್ಮ ಕೆಲಸದ ಒತ್ತಡದ ವಿವರಣೆಯಾದರೆ ಅದು ಅಭಿನಂದನೆಯಾಗಿ ಉಳಿಯುವುದಿಲ್ಲ.

7. ಉತ್ತರ ಬಂದ ಮೇಲೆ

ಸಿದ್ಧ ಮಾತಿಗೆ ಸಿದ್ಧ ಉತ್ತರ ಬರುತ್ತದೆ: ಧನ್ಯವಾದಗಳು, ಕೈಮುಗಿದ ಚಿತ್ರ. ನಿಮ್ಮ ಸಾಲು ತಲುಪಿತೇ ಎಂಬುದು ಗೊತ್ತಾಗುವುದೂ ಉತ್ತರದಲ್ಲಿಯೇ. ಅವರು ಆ ನೆನಪಿಗೆ ತಮ್ಮದೊಂದು ವಿವರ ಸೇರಿಸಿದರೆ ಅದು ತಲುಪಿದೆ. ಆಗ ಅಲ್ಲಿಗೇ ಬಿಡಬೇಡಿ. ಒಳ್ಳೆಯ ಸುದ್ದಿ ಹೇಳಿದವರಿಗೆ ನಾವು ಹೇಗೆ ಸ್ಪಂದಿಸುತ್ತೇವೆ ಎಂಬುದನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞೆ ಶೆಲ್ಲಿ ಗೇಬಲ್ ಮತ್ತು ಸಂಗಡಿಗರು, ಸುಮ್ಮನೆ “ಒಳ್ಳೆಯದಾಯಿತು” ಎಂದು ಮುಗಿಸುವುದನ್ನೂ ಆಸಕ್ತಿಯಿಂದ ಕೇಳಿ ಮಾತು ಮುಂದುವರಿಸುವುದನ್ನೂ ಬೇರೆ ಬೇರೆಯಾಗಿಯೇ ಎಣಿಸಿದರು. 2004ರ ಅವರ ಲೇಖನದಲ್ಲಿ, ಆಪ್ತ ಸಂಬಂಧಗಳ ತೃಪ್ತಿಯೊಂದಿಗೆ ನಂಟು ಕಂಡುಬಂದದ್ದು ಎರಡನೆಯ ಬಗೆಗೆ. ಒಂದು ಪ್ರಶ್ನೆ ಸಾಕು: “ಆದೇಶ ಬಂದಾಗ ಎಲ್ಲಿದ್ದಿರಿ?” “ಮೊದಲು ಯಾರಿಗೆ ಹೇಳಿದಿರಿ?”

ನನ್ನ ಸಹೋದ್ಯೋಗಿ ಆ ರಾತ್ರಿ ಹತ್ತು ಗಂಟೆಗೆ ಉತ್ತರಿಸಿದರು: “ಆ ದಿನ ನನಗೂ ಸಿಟ್ಟು ಬಂದಿತ್ತು. ಕುರ್ಚಿ ಎಳೆದುಕೊಂಡದ್ದು ಕಾಲು ನೋಯುತ್ತಿದ್ದುದಕ್ಕೆ.” ನಕ್ಕು, ಸಿಟ್ಟು ಹೇಗೆ ಇಳಿಯಿತು ಎಂದು ಕೇಳಿದೆ. ಹನ್ನೊಂದರವರೆಗೆ ಬರೆಯುತ್ತಲೇ ಇದ್ದರು.